ಮಿರ್ಜಾನ್ ಗೋಡೆಯ ಮುಂದಿನ ಕೆಂಪು ಅಂಗಿ: ಫೋನಿನಲ್ಲಿ ಅಳಿಸುವುದೋ, ಕಂಪ್ಯೂಟರಿನಲ್ಲೋ?

ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ಮನೆಯವರೆಲ್ಲ ಮಿರ್ಜಾನ್ ಕೋಟೆಗೆ ಹೋಗಿದ್ದೆವು. ಶಿರಸಿಯಿಂದ ಅತ್ತೆ, ಮಾವ, ಮಕ್ಕಳು ಬಂದಿದ್ದರು. ಆ ದಿನಗಳಲ್ಲಿ ಕೋಟೆಯ ಚಿರೇಕಲ್ಲಿನ ಗೋಡೆ ಹೇಗಿರುತ್ತದೆ ಅಂತ ಕುಮಟಾ ಕಡೆಯವರಿಗೆ ಹೇಳಬೇಕಾಗಿಲ್ಲ. ಕೆಂಪು ಕಲ್ಲಿನ ಮೇಲೆ ಪಾಚಿ, ಕೆಳಗೆ ಮೊಣಕಾಲು ಮುಟ್ಟುವ ಹುಲ್ಲು. ಭಾವ ಫೋನಿನಲ್ಲಿ ಒಂದಷ್ಟು ಫೋಟೊ ತೆಗೆದ. ಅದರಲ್ಲಿ ಒಂದು ಅತ್ತೆಗೆ ತುಂಬಾ ಹಿಡಿಸಿತು. ಎಲ್ಲರೂ ನಗುತ್ತಿದ್ದಾರೆ, ಯಾರ ಕಣ್ಣೂ ಮುಚ್ಚಿಲ್ಲ. ಆದರೆ ಅತ್ತೆಯ ಬಲಭುಜದ ಹಿಂದೆ ಕೆಂಪು ಅಂಗಿಯ ಅಪರಿಚಿತನೊಬ್ಬ ತನ್ನ ಫೋನು ನೋಡುತ್ತ ನಿಂತಿದ್ದ.

"ಅವನನ್ನ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಡು" ಅಂದರು ಅತ್ತೆ. ಫೋನಿನಲ್ಲೇ ಅವನ ಸುತ್ತ ಬೆರಳಾಡಿಸಿದೆ, ಅರ್ಧ ನಿಮಿಷದಲ್ಲಿ ಮಾಯವಾದ. ತೆರೆಯ ಮೇಲೆ ಬಹಳ ಚೆನ್ನಾಗಿ ಕಂಡಿತು. 12×18 ಇಂಚಿನ ಪ್ರಿಂಟ್ ಹಾಕಿಸಿ ಶಿರಸಿಗೆ ಕೊಂಡುಹೋದೆ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ತಮಾ, ಈ ಗೋಡೆಗೆ ಎಂತಾ ಆಜು? ಬೆಲ್ಲ ಕರಗಿದಂಗೆ ಕಾಣ್ತು" ಅಂದರು.

ನಿಜ. ಅವನು ನಿಂತಿದ್ದ ಜಾಗದಲ್ಲಿ ಕಲ್ಲಿನ ಸಾಲುಗಳು ಬಾಗಿದ್ದವು. ಎರಡು ಕಲ್ಲಿನ ನಡುವಿನ ಸಂದು ಅರ್ಧಕ್ಕೇ ನಿಂತುಹೋಗಿತ್ತು. ಅತ್ತೆಯ ಸೆರಗಿನ ಅಂಚೂ ಒಂದು ಬೆರಳಿನಷ್ಟು ಉದ್ದಕ್ಕೆ ಸವೆದಿತ್ತು. ಹುಲ್ಲಿನ ಮೇಲೆ ಅವನ ನೆರಳು ಮಾತ್ರ ಹಾಗೇ ಬಿದ್ದಿತ್ತು, ಮನುಷ್ಯನಿಲ್ಲದ ನೆರಳು. ತಪ್ಪು ಪ್ರಿಂಟ್ ಹಾಕಿದವರದಲ್ಲ, ನನ್ನದೇ. ಅದೇ ಫೋಟೊವನ್ನು ಮತ್ತೆ ಕಂಪ್ಯೂಟರಿನಲ್ಲಿ ಕೂತು ಸರಿಮಾಡಿದೆ. ಎಲ್ಲಿ ಫೋನು ಸಾಕು, ಎಲ್ಲಿ ಸಾಲದು, ಸಾಲದಿದ್ದಾಗ ಏನು ಮಾಡಬೇಕು ಅನ್ನುವುದನ್ನು ಆ ಒಂದೇ ಫೋಟೊ ಇಟ್ಟುಕೊಂಡು ಹೇಳುತ್ತೇನೆ.

ಫೋನು ಮಾಡುವುದು ಊಹೆ

ಕೆಂಪು ಅಂಗಿಯವನ ಹಿಂದಿನ ಗೋಡೆ ಆ ಫೋಟೊದಲ್ಲಿ ಇಲ್ಲವೇ ಇಲ್ಲ. ಅಳಿಸುವುದು ಅಂದರೆ ಅವನ ಹಿಂದೆ ಇದ್ದದ್ದನ್ನು ಹೊರಗೆ ತರುವುದಲ್ಲ. ಅಲ್ಲಿ ಏನಿದ್ದಿರಬಹುದು ಅಂತ ಊಹಿಸಿ ಹೊಸದಾಗಿ ಚಿತ್ರ ಬಿಡಿಸುವುದು. ಸುತ್ತಮುತ್ತಲಿನ ಬಣ್ಣ, ರಚನೆ ನೋಡಿ, ಮೊದಲೇ ಕಲಿತ ಲಕ್ಷಾಂತರ ಚಿತ್ರಗಳ ಅಂದಾಜಿನಲ್ಲಿ ಫೋನು ಆ ಜಾಗವನ್ನು ತುಂಬುತ್ತದೆ.

ಹಾಗಾಗಿ ಅಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇವನ ಹಿಂದೆ ಏನು ಬಂದರೂ ನಡೆಯುತ್ತದಾ, ಅಥವಾ ಒಂದೇ ಒಂದು ಸರಿಯಾದ ಉತ್ತರ ಇದೆಯಾ?

ಕಾರವಾರದ ಟಾಗೋರ್ ಬೀಚಿನಲ್ಲಿ ತೆಗೆದ ಫೋಟೊ ಇದೆ ಅಂತಿಟ್ಟುಕೊಳ್ಳಿ. ದೂರದಲ್ಲಿ ನಾಲ್ಕೈದು ಜನ ನಡೆಯುತ್ತಿದ್ದಾರೆ, ಅವರ ಹಿಂದೆ ಮರಳು, ಸಮುದ್ರ, ಆಕಾಶ. ಮರಳಿನ ಈ ಕಣ ಇಲ್ಲೇ ಇರಬೇಕು ಅಂತ ಯಾರೂ ಕೇಳುವುದಿಲ್ಲ. ಅಲೆಯ ನೊರೆ ಒಂದಿಷ್ಟು ಆಚೀಚೆ ಆದರೂ ಯಾರಿಗೂ ತಿಳಿಯುವುದಿಲ್ಲ. ಇಂಥ ಕಡೆ ಫೋನನ್ನು ಮೀರಿಸುವುದು ಬೇಡ, ಕಂಪ್ಯೂಟರ್ ಆನ್ ಆಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಅದೇ ಬೀಚಿನ ಪಕ್ಕದ ಚಾಪಲ್ ಯುದ್ಧನೌಕೆಯ ಮುಂದೆ ನಿಂತ ಫೋಟೊ ಆದರೆ ಲೆಕ್ಕ ಬೇರೆ. ಅಲ್ಲಿನ ಕಂಬಿಗಳು ಒಂದೇ ಅಂತರದಲ್ಲಿ, ನೆಟ್ಟಗೆ ಹೋಗಬೇಕು. ಒಂದು ಕಂಬಿ ಸೊಟ್ಟಗಾದರೂ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ. ಚಿರೇಕಲ್ಲಿನ ಸಾಲು, ಸೀರೆಯ ಅಂಚು, ದೋಣಿಯ ಮೇಲೆ ಬರೆದ ಹೆಸರು, ಬೆರಳುಗಳು ಇವೆಲ್ಲ ಒಂದೇ ಉತ್ತರವಿರುವ ಜಾಗಗಳು. ಅಲ್ಲಿ ಊಹೆ ತಪ್ಪುತ್ತದೆ.

ಮೊದಲು ಫೋನಿನಲ್ಲಿ, ಆದರೆ ಸರಿಯಾಗಿ

ಫೋನಿನ ಟೂಲ್‌ಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಗೂಗಲ್ ಫೋಟೋಸ್‌ನ Magic Eraser 2021ರಲ್ಲಿ ಪಿಕ್ಸೆಲ್ ಫೋನುಗಳ ಜೊತೆ ಬಂತು, 2024ರಿಂದ ಬೇರೆ ಫೋನುಗಳಲ್ಲೂ ದುಡ್ಡಿಲ್ಲದೆ ಸಿಗುತ್ತಿದೆ. ಸ್ಯಾಮ್‌ಸಂಗ್ ಗ್ಯಾಲರಿಯಲ್ಲಿ Object eraser ಇದೆ. ಐಫೋನಿನ Clean Up 2024ರ ಕೊನೆಗೆ ಐಓಎಸ್ 18.1ರ ಜೊತೆ ಬಂತು, ಆದರೆ 15 ಪ್ರೊ ಮತ್ತು ಅದರ ನಂತರದ ಫೋನುಗಳಿಗೆ ಮಾತ್ರ. ಹಳೆಯ ಫೋನಿದ್ದರೆ ಸ್ನ್ಯಾಪ್‌ಸೀಡ್‌ನ Healing ಇದೆ. ಅದು ಚಿಕ್ಕ ಕಲೆ, ಕರೆಂಟ್ ತಂತಿಯಂಥದ್ದಕ್ಕೆ ಸಾಕು, ಇಡೀ ಮನುಷ್ಯನಿಗೆ ಸಾಲದು.

ಯಾವುದನ್ನು ಬಳಸಿದರೂ ಕ್ರಮ ಒಂದೇ. ಮೊದಲು ಎರಡು ಬೆರಳಿನಿಂದ ಫೋಟೊ ದೊಡ್ಡದು ಮಾಡಿ, ಅಳಿಸಬೇಕಾದದ್ದು ತೆರೆಯ ಅರ್ಧದಷ್ಟಾದರೂ ಕಾಣಬೇಕು. ಸ್ನ್ಯಾಪ್‌ಸೀಡ್‌ನಲ್ಲಂತೂ ಇದು ಕಡ್ಡಾಯ. ಅಲ್ಲಿ ಬ್ರಷ್ ಚಿಕ್ಕದು ದೊಡ್ಡದು ಮಾಡುವುದೇ ಝೂಮ್‌ನಿಂದ. ಆಮೇಲೆ ವಸ್ತುವಿನ ಅಂಚಿಗಿಂತ ಸ್ವಲ್ಪ ಆಚೆಗೆ ಬಳಿಯಿರಿ. ಅಂಚಿನಲ್ಲಿ ಅವನ ಅಂಗಿಯ ಒಂದು ಗೆರೆ ಉಳಿದರೂ ಫೋನು ಆ ಕೆಂಪನ್ನೇ ಹಿಡಿದುಕೊಂಡು ಹೊಸ ಜಾಗದಲ್ಲೆಲ್ಲ ಹರಡಿಬಿಡುತ್ತದೆ. ನಾಲ್ಕು ಜನರನ್ನು ತೆಗೆಯಬೇಕಿದ್ದರೆ ಒಟ್ಟಿಗೆ ಬಳಿಯಬೇಡಿ, ದೂರದವನಿಂದ ಶುರುಮಾಡಿ ಒಬ್ಬೊಬ್ಬರನ್ನೇ ತೆಗೆಯಿರಿ. ಒಬ್ಬನ ಜಾಗ ಸರಿಯಾದ ಮೇಲೆ ಮುಂದಿನವನಿಗೆ ಅದೇ ಆಧಾರವಾಗುತ್ತದೆ.

ಜನ ಮರೆಯುವುದು ನೆರಳನ್ನು. ನಮ್ಮ ಕರಾವಳಿಯಲ್ಲಿ ಇನ್ನೊಂದು ಸೇರಿಸಿಕೊಳ್ಳಿ: ಇಳಿತದ ಹೊತ್ತಿನ ಒದ್ದೆ ಮರಳು ಕನ್ನಡಿಯ ಹಾಗೆ. ಮನುಷ್ಯ ಹೋದ ಮೇಲೂ ಅವನ ಪ್ರತಿಬಿಂಬ ತಲೆಕೆಳಗಾಗಿ ಅಲ್ಲೇ ನಿಂತಿರುತ್ತದೆ. ಬಣ್ಣ ಮಂಕಾಗಿರುವುದರಿಂದ ಫೋನಿನ ತೆರೆಯಲ್ಲಿ ಅದು ಕಾಣುವುದಿಲ್ಲ, ಪ್ರಿಂಟಿನಲ್ಲಿ ಕಾಣುತ್ತದೆ. ನೆರಳನ್ನೂ ಬಿಂಬವನ್ನೂ ಮನುಷ್ಯನ ಜೊತೆಗೇ ಒಂದೇ ಸಲ ಬಳಿದು ತೆಗೆಯುವುದು ಒಳ್ಳೆಯದು. ಬೇರೆ ಬೇರೆ ಮಾಡಿದರೆ ನೆರಳಿನ ಗುರುತು ನೋಡಿ ಫೋನು ಅಲ್ಲಿ ಮತ್ತೇನನ್ನೋ ನಿಲ್ಲಿಸಿದ್ದೂ ಉಂಟು. ನನ್ನ ಫೋಟೊದಲ್ಲಿ ನೆರಳನ್ನು ಆಮೇಲೆ ಬಳಿದಾಗ ಹುಲ್ಲಿನ ನಡುವೆ ಒಂದು ಕಲ್ಲು ಹುಟ್ಟಿಕೊಂಡಿತು.

ತೆರೆಯಲ್ಲಿ ಯಾಕೆ ಚೆನ್ನಾಗಿ ಕಂಡಿತು?

ಇದು ಸಣ್ಣ ಲೆಕ್ಕ. ಭಾವನ ಫೋಟೊ 4000×3000 ಪಿಕ್ಸೆಲ್. ಫೋನನ್ನು ನೆಟ್ಟಗೆ ಹಿಡಿದಾಗ ತೆರೆಯ ಅಗಲ 1080 ಪಿಕ್ಸೆಲ್. ಅಂದರೆ ಫೋಟೊದ ಸುಮಾರು ನಾಲ್ಕು ಪಿಕ್ಸೆಲ್ ಸೇರಿ ತೆರೆಯ ಮೇಲೆ ಒಂದಾಗುತ್ತದೆ. ಗೋಡೆಯ ಸಂದು 45 ಪಿಕ್ಸೆಲ್‌ನಷ್ಟು ಬಾಗಿತ್ತು. ತೆರೆಯಲ್ಲಿ ಅದು ಒಂದು ಮಿಲಿಮೀಟರ್ ಕೂಡ ಇಲ್ಲ, ಕಣ್ಣಿಗೆ ಬೀಳುವುದಿಲ್ಲ. 18 ಇಂಚಿಗೆ 4000 ಪಿಕ್ಸೆಲ್ ಹರಡಿದಾಗ ಇಂಚಿಗೆ 222 ಬರುತ್ತದೆ, ಅದೇ ಬಾಗು 5 ಮಿಲಿಮೀಟರ್ ಆಗುತ್ತದೆ. ಅತ್ತೆಗೆ ಕಾಣದೆ ಇರುತ್ತದಾ?

ಬಾಗು ಒಂದೇ ಅಲ್ಲ. ಫೋನಿನ ಟೂಲ್‌ಗಳು ಸಾಮಾನ್ಯವಾಗಿ ತುಂಬಬೇಕಾದ ಭಾಗವನ್ನು ಚಿಕ್ಕದು ಮಾಡಿಕೊಂಡು ಚಿತ್ರ ಬಿಡಿಸಿ ಮತ್ತೆ ಹಿಗ್ಗಿಸುತ್ತವೆ. ಅದರಿಂದ ತೇಪೆ ನುಣ್ಣಗೆ ಕಾಣುತ್ತದೆ. ಚಿರೇಕಲ್ಲಿನ ಮೈತುಂಬ ಇರುವ ತೂತುಗಳು ಅಲ್ಲಿ ಇರುವುದಿಲ್ಲ, ಕ್ಯಾಮೆರಾದ ಸಣ್ಣ ಮರಳುಮರಳಾದ ನಾಯ್ಸ್ ಕೂಡ ಇರುವುದಿಲ್ಲ. ಕೆಲವು ಟೂಲ್‌ಗಳು ಇಡೀ ಫೋಟೊದ ಅಳತೆಯನ್ನೇ ಇಳಿಸುತ್ತವೆ. ಸ್ಯಾಮ್‌ಸಂಗ್‌ನ Generative edit ಫೋಟೊವನ್ನು 12 ಮೆಗಾಪಿಕ್ಸೆಲ್‌ಗೆ ಇಳಿಸಬಹುದು, ಮೂಲೆಯಲ್ಲಿ ಗುರುತೂ ಹಾಕುತ್ತದೆ. 50 ಮೆಗಾಪಿಕ್ಸೆಲ್‌ನಲ್ಲಿ ತೆಗೆದವರಿಗೆ ಇದು ದೊಡ್ಡ ನಷ್ಟ.

ಫೋನಿನಲ್ಲೇ ತಿಳಿಯಬೇಕಾದರೆ, ಅಳಿಸಿದ ಜಾಗ ತೆರೆ ತುಂಬುವಷ್ಟು ಝೂಮ್ ಮಾಡಿ ನಿಧಾನಕ್ಕೆ ಆಚೀಚೆ ಸರಿಸಿ ನೋಡಿ. ಮೂಲ ಜಾಗದಿಂದ ತೇಪೆಗೆ ಬರುವಾಗ ನುಣುಪು ಬದಲಾದರೆ ಕೈಗೆ ಗೊತ್ತಾದ ಹಾಗೆ ಕಣ್ಣಿಗೆ ಗೊತ್ತಾಗುತ್ತದೆ. ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದಾದರೆ ಇಷ್ಟೆಲ್ಲ ಬೇಡ. ಪ್ರಿಂಟ್ ಆದರೆ ಬೇಕು.

ಕಂಪ್ಯೂಟರಿಗೆ ತರುವಾಗಲೇ ಹಾಳುಮಾಡಬೇಡಿ

ಭಾವ ಮೊದಲು ಫೋಟೊ ಕಳಿಸಿದ್ದು ವಾಟ್ಸಾಪ್‌ನಲ್ಲಿ. ಮಾಮೂಲಿ ರೀತಿಯಲ್ಲಿ ಕಳಿಸಿದರೆ 4000 ಪಿಕ್ಸೆಲ್ ಇದ್ದದ್ದು ಸುಮಾರು 1600ಕ್ಕೆ ಇಳಿಯುತ್ತದೆ. ಯುಎಸ್‌ಬಿ ಕೇಬಲ್ ಹಾಕಿ ನೇರ ಕಾಪಿ ಮಾಡಿ. ದೂರದಲ್ಲಿದ್ದರೆ ವಾಟ್ಸಾಪ್‌ನಲ್ಲೇ Document ಆಗಿ ಕಳಿಸಲು ಹೇಳಿ, ಆಗ ಮೂಲ ಫೈಲೇ ಬರುತ್ತದೆ.

ಇನ್ನೊಂದು ಮಾತು, ಇಡೀ ಬರಹದಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ. ಆ ಒಂದು ಫೋಟೊ ಮಾತ್ರ ತರಬೇಡಿ, ಅದರ ಹಿಂದು ಮುಂದೆ ತೆಗೆದದ್ದನ್ನೂ ತನ್ನಿ. ಭಾವ ಅದೇ ಜಾಗದಲ್ಲಿ ನಾಲ್ಕು ಸಲ ಕ್ಲಿಕ್ ಮಾಡಿದ್ದ. ಮೂರನೆಯದರಲ್ಲಿ ಮಾವನ ಕಣ್ಣು ಮುಚ್ಚಿದೆ, ಮಗು ಓಡುತ್ತಿದೆ, ಫೋಟೊ ಆಗಿ ಅದು ಯಾವುದಕ್ಕೂ ಬೇಡ. ಆದರೆ ಕೆಂಪು ಅಂಗಿಯವನು ಒಂದು ಹೆಜ್ಜೆ ಬಲಕ್ಕೆ ಸರಿದಿದ್ದ! ಅವನ ಹಿಂದಿನ ಗೋಡೆಯ ಅರ್ಧಕ್ಕಿಂತ ಜಾಸ್ತಿ ಭಾಗ ಅಲ್ಲಿ ನಿಜವಾಗಿ ಇದೆ. ಊಹೆ ಬೇಡ, ಆ ಗೋಡೆಯನ್ನೇ ತಂದು ಕೂರಿಸಬಹುದು. ಫೋನಿನ ಅಳಿಸುವ ಟೂಲ್ ನೋಡುವುದು ಕೈಯಲ್ಲಿರುವ ಒಂದೇ ಫೋಟೊವನ್ನು. ಪಕ್ಕದ ಫೋಟೊದಲ್ಲಿ ಉತ್ತರ ಇದ್ದರೂ ಅದಕ್ಕೆ ಗೊತ್ತಿಲ್ಲ.

ಗಿಂಪ್‌ನಲ್ಲಿ: ಇನ್ನೊಂದು ಫೋಟೊದ ಗೋಡೆ ತರುವುದು

ನಾನು ಬಳಸಿದ್ದು ಗಿಂಪ್ ಅನ್ನುವ ಫೋಟೊ ತಿದ್ದುವ ಸಾಫ್ಟ್‌ವೇರ್. ದುಡ್ಡು ಕೊಡಬೇಕಾಗಿಲ್ಲ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಒಳ್ಳೆಯ ಫೋಟೊ ತೆರೆಯಿರಿ. ಆಮೇಲೆ File ಮೆನುವಿನಲ್ಲಿ Open as Layers ಒತ್ತಿ ಮೂರನೆಯ ಫೋಟೊ ತನ್ನಿ. ಅದು ಮೇಲೊಂದು ಹಾಳೆ ಇಟ್ಟ ಹಾಗೆ ಲೇಯರ್ ಆಗಿ ಕೂರುತ್ತದೆ.

ಈಗ ಎರಡನ್ನೂ ಹೊಂದಿಸಬೇಕು. ಕೈಯಲ್ಲಿ ಹಿಡಿದು ತೆಗೆದದ್ದು, ಒಂದಿಷ್ಟು ಆಚೀಚೆ ಆಗಿಯೇ ಇರುತ್ತದೆ. ಮೇಲಿನ ಲೇಯರಿನ Mode ಅನ್ನು Difference ಮಾಡಿ. ಎರಡೂ ಒಂದೇ ಇರುವ ಕಡೆ ತೆರೆ ಕಪ್ಪಾಗುತ್ತದೆ, ಬೇರೆ ಇರುವ ಕಡೆ ಬೆಳಕು ಕಾಣುತ್ತದೆ. ಮೊದಲು ನೋಡಿದಾಗ ಪ್ರತಿ ಕಲ್ಲಿನ ಸಂದೂ ಎರಡೆರಡು ಗೆರೆಯಾಗಿ ಹೊಳೆಯುತ್ತಿರುತ್ತದೆ. Move ಟೂಲ್ ಹಿಡಿದು ಸರಿಸಿ, ಕೊನೆಯ ಒಂದೆರಡು ಪಿಕ್ಸೆಲ್‌ಗೆ ಕೀಬೋರ್ಡಿನ ಬಾಣಗಳನ್ನು ಬಳಸಿ. ಗೆರೆಗಳು ಒಂದು ಕಡೆ ಕಪ್ಪಾಗಿ ಇನ್ನೊಂದು ಕಡೆ ಉಳಿದರೆ ಫೋಟೊ ಸ್ವಲ್ಪ ತಿರುಗಿದೆ ಅಂತ ಅರ್ಥ, Unified Transform ಟೂಲ್‌ನಿಂದ ಒಂಚೂರು ತಿರುಗಿಸಿ.

ಇಲ್ಲಿ ನಾನು ಒಂದು ಗಂಟೆ ಹಾಳುಮಾಡಿಕೊಂಡೆ. ಗೋಡೆ ಹೊಂದಿಸಿದರೆ ಅತ್ತೆ ತಪ್ಪುತ್ತಿದ್ದರು, ಅತ್ತೆಯನ್ನು ಹೊಂದಿಸಿದರೆ ಗೋಡೆ ತಪ್ಪುತ್ತಿತ್ತು. ಕಾರಣ ಸರಳ. ಫೋನು ಅರ್ಧ ಅಡಿ ಸರಿದರೂ ಹತ್ತಿರದ್ದು ಜಾಸ್ತಿ ಸರಿಯುತ್ತದೆ, ದೂರದ್ದು ಕಡಿಮೆ. ಎರಡೂ ಒಟ್ಟಿಗೆ ಹೊಂದುವುದೇ ಇಲ್ಲ. ಬೇಕಾದದ್ದು ಗೋಡೆ ತಾನೇ? ಅವನ ಸುತ್ತಲಿನ ಗೋಡೆಯ ಭಾಗ ಮಾತ್ರ ಕಪ್ಪಾದರೆ ಸಾಕು, ಉಳಿದದ್ದನ್ನು ಮರೆತುಬಿಡಿ.

ಹೊಂದಿದ ಮೇಲೆ Mode ಮತ್ತೆ Normal ಮಾಡಿ. ಮೂರನೆಯ ಫೋಟೊದ ಬೆಳಕು ಕೊಂಚ ಬೇರೆ ಇರಬಹುದು, ಫೋನು ಪ್ರತಿ ಕ್ಲಿಕ್ಕಿಗೂ ಬೆಳಕನ್ನು ತಾನೇ ತೀರ್ಮಾನಿಸುತ್ತದೆ. Colors ಮೆನುವಿನ Curves ತೆರೆದು ಗೆರೆಯ ನಡುಭಾಗ ಸ್ವಲ್ಪ ಎಳೆದು ಎರಡು ಗೋಡೆಗಳ ಬಣ್ಣ ಸರಿದೂಗಿಸಿ. ನಂತರ Layer ಮೆನುವಿನಲ್ಲಿ Mask, ಅದರಲ್ಲಿ Add Layer Masks ಅಥವಾ Add Layer Mask ಅಂತ ಇರುತ್ತದೆ, ಅದನ್ನು ಒತ್ತಿ Black ಇರುವ ಆಯ್ಕೆ ಹಿಡಿಯಿರಿ. ಮೇಲಿನ ಫೋಟೊ ಪೂರ್ತಿ ಮರೆಯಾಗುತ್ತದೆ. ಈಗ ಬಿಳಿ ಬಣ್ಣದ ಬ್ರಷ್ ಹಿಡಿದು ಕೆಂಪು ಅಂಗಿಯ ಮೇಲೆ ಬಳಿದರೆ ಬಳಿದಲ್ಲೆಲ್ಲ ಹಿಂದಿನ ಗೋಡೆ ಮೂಡುತ್ತದೆ. ಜಾಸ್ತಿ ಆದರೆ ಕಪ್ಪು ಬಳಿಯಿರಿ, ಹಳೆಯದು ವಾಪಸ್ ಬರುತ್ತದೆ. ಏನೂ ಕಳೆದುಹೋಗುವುದಿಲ್ಲ.

ಸೆರಗಿನ ಅಂಚು

ಬಳಿಯುವ ಮೊದಲು ಸೆರಗಿಗೆ ಬೇಲಿ ಹಾಕಬೇಕು. ಗಮನಿಸಿ, ಅತ್ತೆ ಅವನ ಮುಂದೆ ನಿಂತಿದ್ದರು. ಅಂದರೆ ಸೆರಗು ಪೂರ್ತಿಯಾಗಿ ಫೋಟೊದಲ್ಲಿ ಇತ್ತು, ಒಂದು ನೂಲೂ ಮರೆಯಾಗಿರಲಿಲ್ಲ. ಇದ್ದ ಸೆರಗನ್ನೇ ಫೋನು ತಿಂದಿತ್ತು. ನನ್ನ ಬೆರಳು ಅಂಚಿಗಿಂತ ಒಳಗೆ ಹೋದದ್ದಕ್ಕೆ ಅದೂ ಅಳಿಸಬೇಕಾದದ್ದೇ ಅಂದುಕೊಂಡಿತು. ಬೆರಳಿನ ತುದಿ ಎಷ್ಟು ದಪ್ಪ, ಸೆರಗಿನ ಅಂಚು ಎಷ್ಟು ಸಪೂರ, ನೀವೇ ನೋಡಿ.

ಕೀಬೋರ್ಡಿನಲ್ಲಿ B ಒತ್ತಿ Paths ಟೂಲ್ ಹಿಡಿಯಿರಿ. 200 ಶೇಕಡಾ ಝೂಮ್ ಮಾಡಿ ಭುಜದಿಂದ ಸೆರಗಿನ ಕೆಳತುದಿಯವರೆಗೆ ಅಂಚಿನುದ್ದಕ್ಕೆ ಕ್ಲಿಕ್ ಮಾಡುತ್ತ ಹೋಗಿ. ನನಗೆ ಸುಮಾರು ಇಪ್ಪತ್ತು ಚುಕ್ಕೆ ಬೇಕಾಯಿತು. ಆಮೇಲೆ ಅತ್ತೆಯ ಮೈಯ ಒಳಗಿನಿಂದ ಸುತ್ತಿ ಬಂದು ಗೆರೆ ಮುಚ್ಚಿ Enter ಒತ್ತಿದರೆ ಅದು ಸೆಲೆಕ್ಷನ್ ಆಗುತ್ತದೆ. Select ಮೆನುವಿನಿಂದ Shrink ಒಂದು ಪಿಕ್ಸೆಲ್, Feather ಒಂದು ಪಿಕ್ಸೆಲ್, ಕೊನೆಗೆ Invert. ಈಗ ಬ್ರಷ್ ಎಷ್ಟು ಒರಟಾಗಿ ಓಡಿಸಿದರೂ ಸೆರಗಿಗೆ ತಾಗುವುದಿಲ್ಲ.

Shrink ಯಾಕೆ? ಸೆರಗಿನ ಅಂಚಿನ ಕೊನೆಯ ಪಿಕ್ಸೆಲ್‌ನಲ್ಲಿ ಸೀರೆಯ ಹಸಿರೂ ಅವನ ಅಂಗಿಯ ಕೆಂಪೂ ಬೆರೆತಿರುತ್ತವೆ. ಅದನ್ನು ಬಿಟ್ಟರೆ ಅವನು ಹೋದ ಮೇಲೂ ಸೆರಗಿನ ಸುತ್ತ ತೆಳ್ಳಗೆ ಕೆಂಪು ಗೆರೆ ಉಳಿಯುತ್ತದೆ. ಒಂದು ಪಿಕ್ಸೆಲ್ ಒಳಗೆ ಸರಿದರೆ ಅದೂ ಮುಚ್ಚುತ್ತದೆ. ಕೂದಲಿನ ಕಡೆ ಈ ಉಪಾಯ ನಡೆಯುವುದಿಲ್ಲ. ಹಾರಾಡುವ ಎಳೆಗಳಿದ್ದರೆ ಅಲ್ಲಿ ಚಿಕ್ಕ, ಮೆತ್ತನೆ ಬ್ರಷ್ ಹಿಡಿದು ಮಾಸ್ಕ್ ಮೇಲೆ ಕೈಯಿಂದಲೇ ಬಿಡಿಸಬೇಕು. ಪುಣ್ಯಕ್ಕೆ ಅತ್ತೆ ಬಿಗಿಯಾಗಿ ತುರುಬು ಕಟ್ಟಿದ್ದರು.

ಉಳಿದ ಪಟ್ಟಿ: ಗೋಡೆಯನ್ನು ಗೋಡೆಯಿಂದಲೇ ಕಟ್ಟುವುದು

ಎರಡೂ ಫೋಟೊಗಳಲ್ಲಿ ಅವನೇ ಅಡ್ಡ ಇದ್ದ ಒಂದು ಪಟ್ಟಿ ಉಳಿಯಿತು, ಸುಮಾರು 200 ಪಿಕ್ಸೆಲ್ ಅಗಲ. ಇಲ್ಲಿ ಮಾತ್ರ ಹೊಸದಾಗಿ ಕಟ್ಟಬೇಕು. Layer ಮೆನುವಿನಲ್ಲಿ New from Visible ಒತ್ತಿ. ಇಲ್ಲಿಯವರೆಗಿನದೆಲ್ಲ ಸೇರಿ ಒಂದು ಹೊಸ ಲೇಯರ್ ಬರುತ್ತದೆ, ಇನ್ನು ಕೆಲಸ ಅದರ ಮೇಲೆ. ಖಾಲಿ ಲೇಯರ್ ಇಟ್ಟುಕೊಂಡು ಮಾಡುವವರಿದ್ದಾರೆ. ಒಂದು ಕಡೆಯದನ್ನು ಇನ್ನೊಂದು ಕಡೆಗೆ ಹಾಗೇ ನಕಲು ಮಾಡುವ Clone ಟೂಲ್ ಅದಕ್ಕೆ ಒಗ್ಗುತ್ತದೆ. ಆದರೆ Heal ಕೆಳಗಿನ ಬಣ್ಣ ನೋಡಿ ಹೊಂದಿಕೊಳ್ಳುವ ಟೂಲ್, ಖಾಲಿ ಜಾಗದಲ್ಲಿ ಅದಕ್ಕೆ ನೋಡಲು ಏನೂ ಇರುವುದಿಲ್ಲ.

ಮಿರ್ಜಾನಿನ ಗೋಡೆ ಕ್ಯಾಮೆರಾಕ್ಕೆ ಎದುರಾಗಿ ಇರಲಿಲ್ಲ, ಓರೆಯಾಗಿ ದೂರ ಹೋಗುತ್ತಿತ್ತು. ಹತ್ತಿರದ ಕಲ್ಲು ದೊಡ್ಡದು, ದೂರದ್ದು ಚಿಕ್ಕದು. ಮಾಮೂಲಿ Clone ಹಿಡಿದರೆ ಹತ್ತಿರದ ಕಲ್ಲು ಅದೇ ಅಳತೆಯಲ್ಲಿ ದೂರಕ್ಕೆ ಹೋಗಿ ಕೂತು ಸಾಲು ತಪ್ಪುತ್ತದೆ. ಇದಕ್ಕೆ Perspective Clone ಇದೆ. Tools ಮೆನುವಿನ Paint Tools ಒಳಗೆ ಸಿಗುತ್ತದೆ. ಮೊದಲು Modify Perspective ಆಯ್ಕೆ ಮಾಡಿ, ಫೋಟೊದ ನಾಲ್ಕು ಮೂಲೆಯಲ್ಲಿ ಹಿಡಿಗಳು ಬರುತ್ತವೆ. ಮೇಲಿನ ಗೆರೆ ಒಂದು ಕಲ್ಲಿನ ಸಾಲಿಗೂ ಕೆಳಗಿನ ಗೆರೆ ಇನ್ನೊಂದು ಸಾಲಿಗೂ ಸಮವಾಗುವಂತೆ ಎಳೆದು ಕೂರಿಸಿ. ನಂತರ Perspective Clone ಆಯ್ಕೆಗೆ ಬನ್ನಿ.

ಎಲ್ಲಿಂದ ತರಬೇಕೋ ಅಲ್ಲಿ Ctrl ಹಿಡಿದು ಕ್ಲಿಕ್. ಅಂದಾಜಿಗೆ ಒತ್ತಬೇಡಿ, ಎರಡು ಕಲ್ಲು ಸೇರುವ ಸಂದಿನ ಮೂಲೆಯಲ್ಲೇ ಒತ್ತಿ. ಬಳಿಯಲು ಶುರುಮಾಡುವುದೂ ಅಂಥದ್ದೇ ಮೂಲೆಯಿಂದ. ಮೂಲೆಗೆ ಮೂಲೆ ಕೂತರೆ ಅಡ್ಡಸಾಲು, ಉದ್ದಸಂದು ಎರಡೂ ತಾನಾಗಿ ಸರಿಹೋಗುತ್ತವೆ. ನನ್ನ ಬ್ರಷ್ 60 ಪಿಕ್ಸೆಲ್ ಇತ್ತು, ಗಡಸುತನ ಮುಕ್ಕಾಲು ಪಾಲು. ತೀರಾ ಮೆತ್ತಗಿನ ಬ್ರಷ್ ಹಿಡಿದರೆ ಅಂಚಿನಲ್ಲಿ ಎರಡು ಕಲ್ಲಿನ ತೂತುಗಳು ಬೆರೆತು ಮತ್ತೆ ಅದೇ ಕರಗಿದ ಬೆಲ್ಲ.

ಚಿರೇಕಲ್ಲಿಗೆ ಒಂದು ಗುಣ. ದೂರದಿಂದ ಎಲ್ಲ ಒಂದೇ ಥರ, ಹತ್ತಿರದಿಂದ ಒಂದರಂತೆ ಇನ್ನೊಂದಿಲ್ಲ. ಒಂದೇ ಕಲ್ಲನ್ನು ಮೂರು ಕಡೆ ಕೂರಿಸಿದರೆ ಅದರ ದೊಡ್ಡ ತೂತು ಮೂರು ಸಲ ಕಣ್ಣಿಗೆ ಬೀಳುತ್ತದೆ. ಪ್ರತಿ ಕಲ್ಲಿಗೂ ಬೇರೆ ಕಡೆಯಿಂದ ತನ್ನಿ. ಎತ್ತರ ಮಾತ್ರ ಬದಲಿಸಬೇಡಿ. ಗೋಡೆಯ ಬುಡದಲ್ಲಿ ತೇವ, ಪಾಚಿ ಜಾಸ್ತಿ, ಮೇಲೆ ಹೋದಂತೆ ಕಲ್ಲು ಒಣಗಿ ಕೆಂಪಾಗುತ್ತದೆ. ಮೇಲಿನ ಕಲ್ಲು ಕೆಳಗೆ ತಂದರೆ ಹೊಸದಾಗಿ ರಿಪೇರಿ ಮಾಡಿದ ಗೋಡೆಯ ಹಾಗೆ ಕಾಣುತ್ತದೆ.

ಸಾಲು ಕೂತ ಮೇಲೆ ಬಣ್ಣ ಒಂದಿಷ್ಟು ತಪ್ಪಿದ್ದರೆ H ಒತ್ತಿ Heal ಹಿಡಿದು ಮೆಲ್ಲಗೆ ಒಂದೆರಡು ಕಡೆ ತಟ್ಟಿ. ಅದು ರಚನೆ ಒಂದು ಕಡೆಯಿಂದ ತಂದು ಬಣ್ಣವನ್ನು ಸುತ್ತಲಿನಿಂದ ತೆಗೆದುಕೊಳ್ಳುತ್ತದೆ. ಆದರೆ ಸೆರಗಿನ ಹತ್ತಿರ Heal ಬೇಡ. ಸುತ್ತಲಿನ ಬಣ್ಣ ಅಂದರೆ ಅಲ್ಲಿ ಸೀರೆಯ ಬಣ್ಣವೂ ಸೇರುತ್ತದೆ, ಗೋಡೆಗೆ ಹಸಿರು ಮಬ್ಬು ಬಡಿಯುತ್ತದೆ. ಅಂಚಿನ ಸುತ್ತ Clone ಮಾತ್ರ.

ನೆರಳಿಗೂ ಅಷ್ಟೇ, ಬಿಸಿಲು ಬಿದ್ದ ಹುಲ್ಲಿನಿಂದ Clone ಮಾಡಿ. ಫೋಟೊದಲ್ಲಿ ಅದೇ ಮಟ್ಟದಲ್ಲಿ, ಎಡಕ್ಕೋ ಬಲಕ್ಕೋ ಇರುವ ಹುಲ್ಲು ತನ್ನಿ. ಕೆಳಗಿನಿಂದ ತಂದರೆ ಎಸಳು ದಪ್ಪ, ಮೇಲಿನಿಂದ ತಂದರೆ ಸಪೂರ.

ಫೋಟೊಶಾಪ್ ಇದ್ದವರಿಗೆ

ಕೆಲಸ ಬೇಗ ಆಗುತ್ತದೆ, ತತ್ವ ಅದೇ. ಅದರ Content-Aware Fill ಫೋನಿಗಿಂತ ಮೇಲು ಅನಿಸುವುದು ಒಂದು ಕಾರಣಕ್ಕೆ. ಎಲ್ಲಿಂದ ತೆಗೆದುಕೊಳ್ಳಬೇಕು ಅಂತ ನಾವು ಹೇಳಬಹುದು. ಸೆಲೆಕ್ಷನ್ ಮಾಡಿ Edit ಮೆನುವಿನಿಂದ ಅದನ್ನು ತೆರೆದರೆ ಫೋಟೊದ ಮೇಲೆ ಹಸಿರು ಹೊದಿಕೆ ಬರುತ್ತದೆ, ಅದೇ ತೆಗೆದುಕೊಳ್ಳುವ ಜಾಗ. ಅತ್ತೆ, ಮಾವ, ಮಕ್ಕಳ ಮೇಲಿನ ಹಸಿರನ್ನು ಬ್ರಷ್‌ನಿಂದ ಅಳಿಸಿಬಿಟ್ಟರೆ ಗೋಡೆಯಲ್ಲಿ ಸೀರೆಯ ತುಂಡು ಬರುವುದಿಲ್ಲ. ಫೋನಿಗೆ ಹೀಗೆ ಹೇಳುವ ದಾರಿ ಇಲ್ಲ. ಓರೆ ಗೋಡೆಗೆ ಅಲ್ಲಿ Vanishing Point ಇದೆ, ನಮ್ಮ Perspective Clone ಮಾಡುವ ಕೆಲಸವನ್ನೇ ಮಾಡುತ್ತದೆ.

ಎರಡನ್ನೂ ಸೇರಿಸಿ

ಅದೇ ಫೋಟೊದಲ್ಲಿ ದೂರದ ಬುರುಜಿನ ಮೇಲೆ ಇನ್ನಿಬ್ಬರು ಚಿಕ್ಕದಾಗಿ ಕಾಣುತ್ತಿದ್ದರು, ಹಿಂದೆ ಮೋಡ. ಅವರಿಗೆ ಗಿಂಪ್‌ನಲ್ಲಿ ಕಷ್ಟಪಡಲಿಲ್ಲ. ಫೋನಿನಲ್ಲೇ ಅವರಿಬ್ಬರನ್ನು ಮಾತ್ರ ಅಳಿಸಿ, ಆ ಫೈಲನ್ನೂ ಲೇಯರ್ ಆಗಿ ತಂದು, ಕಪ್ಪು ಮಾಸ್ಕ್ ಹಾಕಿ, ಆ ಎರಡು ಜಾಗದಲ್ಲಿ ಬಿಳಿ ಬಳಿದೆ. ತರುವ ಮೊದಲು ಫೈಲಿನ ಅಳತೆ ನೋಡಿಕೊಳ್ಳಿ, 4000×3000 ಇಲ್ಲದಿದ್ದರೆ ಹೊಂದುವುದಿಲ್ಲ. ಹೊಂದಿದರೂ ಮಾಸ್ಕ್ ಹಾಕುವ ಮೊದಲು ಒಮ್ಮೆ Difference ಹಾಕಿ ನೋಡಿ. ಫೋನಿನಲ್ಲಿ ಅಳಿಸಿದ, ಗಿಂಪ್‌ನಲ್ಲಿ ಸರಿಮಾಡಿದ ಜಾಗ ಮಾತ್ರ ಹೊಳೆಯಬೇಕು. ಉಳಿದೆಡೆ ಸಣ್ಣ ಧೂಳಿನ ಹಾಗೆ ಕಂಡರೆ ಅದು ಜೆಪೆಗ್ ಮತ್ತೆ ಸೇವ್ ಆದದ್ದರಿಂದ, ಚಿಂತೆಯಿಲ್ಲ. ಮುಖಗಳ ಗೆರೆ ಎದ್ದು ಕಂಡರೆ ಫೋನು ಬಣ್ಣವನ್ನೋ ಚೂಪುತನವನ್ನೋ ಎಲ್ಲ ಕಡೆ ಬದಲಿಸಿದೆ ಅಂತ ಅರ್ಥ.

ಮುಗಿಯಿತು ಅನಿಸಿದಾಗ ಎದ್ದು ಹೋಗಿ ಚಾ ಕುಡಿದು ಬನ್ನಿ. ವಾಪಸ್ ಬಂದು View ಮೆನುವಿನಿಂದ ಫೋಟೊವನ್ನು ಎಡಬಲ ಮಗುಚಿ ನೋಡಿ. ಒಂದೂವರೆ ಗಂಟೆ ನೋಡಿ ನೋಡಿ ಕಣ್ಣಿಗೆ ಅಭ್ಯಾಸವಾದ ತಪ್ಪು ಮಗುಚಿದಾಗ ಎದ್ದು ಕಾಣುತ್ತದೆ. ನನಗೆ ಒಂದೇ ತೂತು ಎರಡು ಕಡೆ ಇದ್ದದ್ದು ಸಿಕ್ಕಿದ್ದು ಹೀಗೆ.

12×18ಕ್ಕೆ 4000×3000 ನೇರ ಕೂರುವುದಿಲ್ಲ, ಎತ್ತರದಲ್ಲಿ 333 ಪಿಕ್ಸೆಲ್ ಕತ್ತರಿಸಬೇಕು. ನೀವೇ ಕತ್ತರಿಸಿ ಕೊಡಿ, ಇಲ್ಲದಿದ್ದರೆ ಯಾರದ್ದಾದರೂ ಪಾದ ಹೋಗಬಹುದು. ಗಿಂಪ್‌ನಲ್ಲಿ Save ಮಾಡಿದರೆ ಎಕ್ಸ್‌ಸಿಎಫ್ ಫೈಲು, ಲೇಯರ್‌ಗಳೆಲ್ಲ ಉಳಿಯುತ್ತವೆ. ಪ್ರಿಂಟಿಗೆ Export As ಒತ್ತಿ ಜೆಪೆಗ್, ಗುಣಮಟ್ಟ 95. ಎಕ್ಸ್‌ಸಿಎಫ್ ಅಳಿಸಬೇಡಿ, ಮನೆಯವರು ಮತ್ತೇನೋ ಕೇಳುತ್ತಾರೆ.

ಎರಡನೆಯ ಪ್ರಿಂಟ್ ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಗೋಡೆಯ ಬಗ್ಗೆ ಮಾತೇ ಬರಲಿಲ್ಲ. "ಮಾವನ ತಲೆ ಮೇಲಿನ ಟೊಪ್ಪಿ ತೆಗೆಯಲೆ ಆಗ್ತಾ?" ಅಂದರು. ನಾಲ್ಕೂ ಫೋಟೊದಲ್ಲಿ ಮಾವ ಟೊಪ್ಪಿ ತೆಗೆದಿರಲಿಲ್ಲ. ಫೋನಿಗೆ ಕೊಟ್ಟರೆ ಅದು ದಟ್ಟ ಕರಿ ಕೂದಲು ಹಾಕಿ ಕೊಡುತ್ತಿತ್ತೇನೋ, ಮಾವನೂ ಬೇಡ ಅನ್ನುತ್ತಿರಲಿಲ್ಲ. ನಾನು ಆಗುವುದಿಲ್ಲ ಅಂದೆ.